ನಾಲ್ಕು ಹಸುಗಳ ಕೊಟ್ಟಿಗೆಗೆ ಎಷ್ಟು ಗುಂಟೆ ನೇಪಿಯರ್ ಬೇಕು? 13, 22 ಮತ್ತು 33 ಗುಂಟೆಗಳ ಹೋಲಿಕೆ

ಒಂದೇ ಕೊಟ್ಟಿಗೆಗೆ, ಅಷ್ಟೇ ದನಗಳಿಗೆ, ವರ್ಷಪೂರ್ತಿ ಹಸಿಮೇವು ಒದಗಿಸಲು ಎಷ್ಟು ಜಾಗದಲ್ಲಿ ನೇಪಿಯರ್ ನೆಡಬೇಕು ಎಂದು ಲೆಕ್ಕ ಹಾಕಿದರೆ 13 ಗುಂಟೆ, 20 ಗುಂಟೆ, 33 ಗುಂಟೆ ಎಂದು ಮೂರು ಬೇರೆ ಬೇರೆ ಉತ್ತರಗಳು ಬರುತ್ತವೆ. ಮೂರರಲ್ಲಿಯೂ ಗುಣಾಕಾರ ಭಾಗಾಕಾರದ ತಪ್ಪಿಲ್ಲ. ಮೊದಲನೆಯದು ಪ್ರಚಾರದ ಹಾಳೆಯಲ್ಲಿ ಬರೆದಿರುವ ಇಳುವರಿಯನ್ನು ನಂಬಿ ಮಾಡಿದ್ದು, ಎರಡನೆಯದು ಹೊಲದಲ್ಲಿ ನಿಜವಾಗಿ ಸಿಗುವ ವರ್ಷದ ಸರಾಸರಿಯಿಂದ ಮಾಡಿದ್ದು, ಅದು ಕೊನೆಗೆ 22 ಆಗುವುದೇಕೆ ಎಂಬುದನ್ನು ಮುಂದೆ ಹೇಳುತ್ತೇನೆ, ಮೂರನೆಯದು ಹುಲ್ಲು ಅತಿ ನಿಧಾನವಾಗಿ ಬೆಳೆಯುವ ಚಳಿಗಾಲವನ್ನು ಮುಂದಿಟ್ಟುಕೊಂಡು ಮಾಡಿದ್ದು. ಯಾವ ಲೆಕ್ಕ ಯಾರಿಗೆ ಹೊಂದುತ್ತದೆ ಎಂಬುದನ್ನು ಹಾಸನ ಜಿಲ್ಲೆಯ ಚನ್ನರಾಯಪಟ್ಟಣದ ಕಡೆಯ ಕೆಂಪು ಮಣ್ಣಿನ, ಕೊಳವೆ ಬಾವಿ ನೀರಿನ ಒಂದು ಸಣ್ಣ ಹಿಡುವಳಿಯನ್ನು ಉದಾಹರಣೆಯಾಗಿ ಇಟ್ಟುಕೊಂಡು ಇಲ್ಲಿ ವಿವರಿಸಿದ್ದೇನೆ. ಇಳುವರಿಯ ಅಂಕಿಗಳು ನಮ್ಮ ತಾಕಿನಲ್ಲಿ ತೂಗಿ ಬರೆದಿಟ್ಟುಕೊಂಡವು. ನಿಮ್ಮ ಹೊಲದಲ್ಲಿ ಅವು ಬೇರೆಯಾಗಿರಬಹುದು, ಆದರೆ ಲೆಕ್ಕದ ಕ್ರಮ ಬದಲಾಗುವುದಿಲ್ಲ.

ಮೊದಲು ಕೊಟ್ಟಿಗೆಯ ಲೆಕ್ಕ

ಕೊಟ್ಟಿಗೆಯಲ್ಲಿ ಸುಮಾರು 400 ಕೆ.ಜಿ. ತೂಗುವ ನಾಲ್ಕು ಮಿಶ್ರತಳಿ ಹಸುಗಳು, ಒಂದು ಕಡಸು ಮತ್ತು ಆರು ತಿಂಗಳು ದಾಟಿದ ಒಂದು ಕರು ಇವೆ ಎಂದುಕೊಳ್ಳೋಣ. ನಾಲ್ಕರಲ್ಲಿ ಸಾಮಾನ್ಯವಾಗಿ ಮೂರು ಹಾಲು ಕೊಡುತ್ತಿರುತ್ತವೆ, ಒಂದು ಬತ್ತಿರುತ್ತದೆ. ಹಸುವೊಂದು ದಿನಕ್ಕೆ ತನ್ನ ತೂಕದ ಶೇ. 2.5ರಿಂದ 3ರಷ್ಟು ಒಣ ಅಂಶವನ್ನು ತಿನ್ನುತ್ತದೆ, ಅಂದರೆ 400 ಕೆ.ಜಿ. ಹಸುವಿಗೆ 10ರಿಂದ 12 ಕೆ.ಜಿ. ಒಣ ಅಂಶ ಬೇಕು. ನಲವತ್ತೈದು ದಿನದ ನೇಪಿಯರ್‌ನಲ್ಲಿ ಒಣ ಅಂಶ ಶೇ. 18ರ ಆಸುಪಾಸಿನಲ್ಲಿರುವುದರಿಂದ, 25 ಕೆ.ಜಿ. ಹಸಿ ಹುಲ್ಲು ಹಾಕಿದರೆ ಹೊಟ್ಟೆಗೆ ಸೇರುವುದು ನಾಲ್ಕೂವರೆ ಕೆ.ಜಿ. ಒಣ ಅಂಶ ಮಾತ್ರ, ಉಳಿದದ್ದು ನೀರು. ದಿನಕ್ಕೆ ಹತ್ತು ಲೀಟರ್ ಹಾಲು ಕೊಡುವ ಹಸುವಿಗೆ ಇದರ ಜೊತೆಗೆ ನಾಲ್ಕು ಕೆ.ಜಿ. ರಾಗಿ ಹುಲ್ಲು ಮತ್ತು ನಾಲ್ಕೂವರೆ ಕೆ.ಜಿ. ಪಶು ಆಹಾರ ಕೊಟ್ಟರೆ ಒಟ್ಟು 12 ಕೆ.ಜಿ. ಒಣ ಅಂಶ ತುಂಬುತ್ತದೆ.

ಹೀಗಾಗಿ ಹಾಲಿನ ಹಸುವಿಗೆ 25, ಬತ್ತಿದ್ದಕ್ಕೆ 20, ಕಡಸಿಗೆ 15, ಕರುವಿಗೆ 5 ಕೆ.ಜಿ. ಹಸಿ ಹುಲ್ಲು ಎಂದು ಹಿಡಿದರೆ ದಿನಕ್ಕೆ 115 ಕೆ.ಜಿ. ತಿನ್ನುವ ಮೇವು ಬೇಕು. ಗೊಂತಿನಲ್ಲಿ ಉಳಿಯುವ ದಪ್ಪ ಕಡ್ಡಿ, ತುಳಿದು ಹಾಳಾಗುವುದು, ದಾರಿಯಲ್ಲಿ ಉದುರುವುದು ಎಲ್ಲ ಸೇರಿ ಹತ್ತರಲ್ಲಿ ಒಂದು ಪಾಲು ಹೋಗುವುದರಿಂದ, ಕೊಯ್ಯಬೇಕಾದದ್ದು ದಿನಕ್ಕೆ ಸುಮಾರು 130 ಕೆ.ಜಿ. ಮೇವು ಕತ್ತರಿಸುವ ಯಂತ್ರ ಇಲ್ಲದೆ ಇಡೀ ದಂಟನ್ನೇ ಹಾಕುವವರು ಹತ್ತರಲ್ಲಿ ಎರಡೂವರೆ ಪಾಲಾದರೂ ಹೋಗುತ್ತದೆ ಎಂದು ಹಿಡಿಯಬೇಕು. ಬೆಳಿಗ್ಗೆ ಗೊಂತು ಗುಡಿಸುವಾಗ ಹೆಬ್ಬೆರಳು ಗಾತ್ರದ, ತುದಿ ಮಾತ್ರ ಜಗಿದು ಬಿಟ್ಟ ಕಡ್ಡಿಗಳು ಪೊರಕೆಗೆ ಸಿಗುತ್ತಿದ್ದರೆ ತಾಕಿನ ಕಾಲು ಭಾಗವನ್ನು ತಿಪ್ಪೆಗಾಗಿ ಬೆಳೆಯುತ್ತಿದ್ದೇವೆ ಎಂದೇ ಅರ್ಥ. ಅಂಥವರು ಜಾಗ ಹೆಚ್ಚಿಸುವ ಮೊದಲು ಯಂತ್ರ ಕೊಳ್ಳುವುದು ಒಳ್ಳೆಯದು.

ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಹಾಲು ಹೆಚ್ಚು ಕೊಡುವ ಹಸುವಿಗೆ ಹುಲ್ಲನ್ನೂ ಅದೇ ಪ್ರಮಾಣದಲ್ಲಿ ಹೆಚ್ಚಿಸುತ್ತ ಹೋಗುವುದು ಸರಿಯಲ್ಲ. ಇಪ್ಪತ್ತು ಲೀಟರ್ ಕರೆಯುವ ಹಸುವಿಗೆ 50 ಕೆ.ಜಿ. ನೇಪಿಯರ್ ಹಾಕಿದರೆ ಅದರಲ್ಲಿ 40 ಕೆ.ಜಿ.ಗೂ ಹೆಚ್ಚು ನೀರೇ ಇರುತ್ತದೆ, ಹೊಟ್ಟೆ ತುಂಬುತ್ತದೆ, ಶಕ್ತಿ ಸಾಲುವುದಿಲ್ಲ. ಆ ಹಸುವಿಗೂ ಹುಲ್ಲಿನ ಲೆಕ್ಕ 25ರಿಂದ 30 ಕೆ.ಜಿ.ಯೇ, ಹೆಚ್ಚಾಗಬೇಕಾದದ್ದು ಪಶು ಆಹಾರ. ಆದ್ದರಿಂದ ತಾಕಿನ ಗಾತ್ರವನ್ನು ಹಾಲಿನ ಲೀಟರ್‌ನಿಂದ ಲೆಕ್ಕ ಹಾಕದೆ ದನದ ತೂಕ ಮತ್ತು ಸಂಖ್ಯೆಯಿಂದ ಲೆಕ್ಕ ಹಾಕಬೇಕು.

ಗುಂಟೆ ದಿನಕ್ಕೆ ಎಷ್ಟು ಕೊಡುತ್ತದೆ

ಇಳುವರಿಯನ್ನು ಎಕರೆಗೆ ವರ್ಷಕ್ಕೆ ಇಷ್ಟು ಟನ್ ಎಂದು ಹೇಳುವುದು ವಾಡಿಕೆ. ತಮಿಳುನಾಡು ಕೃಷಿ ವಿಶ್ವವಿದ್ಯಾಲಯದ ಸಿಒ-4 ತಳಿಗೆ ಹೆಕ್ಟೇರಿಗೆ 380ರಿಂದ 400 ಟನ್ ಎಂದು ಹೇಳುತ್ತಾರೆ, ಅಂದರೆ ಎಕರೆಗೆ 150 ಟನ್‌ಗೂ ಮೇಲೆ. ಸಸಿ ಮಾರುವವರ ಹಾಳೆಗಳಲ್ಲಿ ಸೂಪರ್ ನೇಪಿಯರ್‌ಗೆ ಇದಕ್ಕಿಂತ ದೊಡ್ಡ ಅಂಕಿಗಳೂ ಕಾಣುತ್ತವೆ. ನೀರು, ಗೊಬ್ಬರ, ಕೊಯ್ಲಿನ ದಿನ ಯಾವುದೂ ಒಮ್ಮೆಯೂ ತಪ್ಪದಿದ್ದಾಗ ಸಿಗುವ ಇಳುವರಿ ಅದು. ಆದರೆ ವರ್ಷದ ಟನ್ ಲೆಕ್ಕದಲ್ಲಿ ಇನ್ನೂ ದೊಡ್ಡದೊಂದು ಕೊರತೆಯಿದೆ. ಹಸು ದಿನವೂ ತಿನ್ನುತ್ತದೆ, ಹುಲ್ಲು ಮಾತ್ರ ದಿನವೂ ಒಂದೇ ಸಮನೆ ಬೆಳೆಯುವುದಿಲ್ಲ.

ಆದ್ದರಿಂದ ನಾನು ಲೆಕ್ಕವನ್ನು ಗುಂಟೆಗೆ ದಿನಕ್ಕೆ ಎಷ್ಟು ಕೆ.ಜಿ. ಎಂದು ಬದಲಾಯಿಸಿಕೊಂಡಿದ್ದೇನೆ. ಒಂದು ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ, 1,089 ಚದರ ಅಡಿ. ಸಾಲಿನಿಂದ ಸಾಲಿಗೆ ಮೂರು ಅಡಿ, ಬುಡದಿಂದ ಬುಡಕ್ಕೆ ಎರಡು ಅಡಿ ಬಿಟ್ಟು ನೆಟ್ಟರೆ ಗುಂಟೆಗೆ ಸುಮಾರು 180 ಬುಡಗಳು ಹಿಡಿಯುತ್ತವೆ. ಮಳೆಗಾಲದಲ್ಲಿ ಚೆನ್ನಾಗಿ ಬೆಳೆದ ನಲವತ್ತೈದು ದಿನದ ಬುಡವೊಂದನ್ನು ಕೊಯ್ದು ತೂಗಿದರೆ ಎರಡು ಕೆ.ಜಿ.ಗಿಂತ ತುಸು ಹೆಚ್ಚು ಬರುತ್ತದೆ. ಅಂದರೆ ಗುಂಟೆಗೆ ಒಂದು ಕೊಯ್ಲಿಗೆ 400 ಕೆ.ಜಿ., ದಿನಕ್ಕೆ ಹಂಚಿದರೆ ಸುಮಾರು 9 ಕೆ.ಜಿ. ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ರಾತ್ರಿಯ ಚಳಿಗೆ ಹುಲ್ಲು ಏಳುವುದೇ ಇಲ್ಲ. ಕೊಯ್ಲಿಗೆ ಅರವತ್ತು ದಿನ ಕಾದರೂ ಗುಂಟೆಗೆ 240 ಕೆ.ಜಿ. ದಾಟುವುದಿಲ್ಲ, ಅಂದರೆ ದಿನಕ್ಕೆ ನಾಲ್ಕೇ ಕೆ.ಜಿ. ಮಾರ್ಚ್‌ನಿಂದ ಮೇವರೆಗೆ ಬಿಸಿಲು ಬೇಕಾದಷ್ಟಿದ್ದರೂ ನೀರು ಹಿಡಿತಕ್ಕೆ ಬರುವುದರಿಂದ ಐವತ್ತು ದಿನಕ್ಕೆ 250 ಕೆ.ಜಿ., ದಿನಕ್ಕೆ ಐದು ಕೆ.ಜಿ. ಮೂರನ್ನೂ ಕೂಡಿದರೆ ಗುಂಟೆಗೆ ವರ್ಷಕ್ಕೆ ಸುಮಾರು 2,450 ಕೆ.ಜಿ., ಎಕರೆಗೆ 98 ಟನ್. ಇದು ಕೆಟ್ಟ ಇಳುವರಿಯೇನೂ ಅಲ್ಲ. ನೀರಾವರಿಯಿದ್ದು, ಪ್ರತಿ ಕೊಯ್ಲಿಗೂ ಗೊಬ್ಬರ ಹಾಕುವವರಿಗೆ ಮಾತ್ರ ಸಿಗುವುದು.

ಈಗ ದಿನದ 130 ಕೆ.ಜಿ.ಯನ್ನು ಮುಂದಿಟ್ಟುಕೊಳ್ಳಿ. ವರ್ಷಕ್ಕೆ 47,450 ಕೆ.ಜಿ. ಬೇಕು. ಹಾಳೆಯ 150 ಟನ್ ನಂಬಿದರೆ ಗುಂಟೆಗೆ 3,750 ಕೆ.ಜಿ. ಬಂದು 13 ಗುಂಟೆ ಸಾಕೆನಿಸುತ್ತದೆ. ನಮ್ಮ 2,450 ಕೆ.ಜಿ.ಯಿಂದ ಭಾಗಿಸಿದರೆ 20 ಗುಂಟೆಗೆ ಹತ್ತಿರ ಬರುತ್ತದೆ. ಚಳಿಗಾಲದ ದಿನಕ್ಕೆ ನಾಲ್ಕು ಕೆ.ಜಿ.ಯಿಂದ ಭಾಗಿಸಿದರೆ 33 ಗುಂಟೆ ಬೇಕಾಗುತ್ತದೆ.

13 ಗುಂಟೆ: ಒಣಹುಲ್ಲನ್ನು ನೆಚ್ಚಿದ ದಾರಿ

ನಾವು ಮೊದಲು ನೆಟ್ಟದ್ದು ಇಷ್ಟೇ. ಜೂನ್‌ನಿಂದ ನವೆಂಬರ್‌ವರೆಗೆ ಯಾವ ತೊಂದರೆಯೂ ಗೋಚರಿಸಲಿಲ್ಲ. ಹದಿಮೂರು ಗುಂಟೆಯಿಂದ ದಿನಕ್ಕೆ 117 ಕೆ.ಜಿ. ಸಿಗುತ್ತಿತ್ತು, ಬದುವಿನ ಹುಲ್ಲು ಸೇರಿ ಸರಿಹೋಗುತ್ತಿತ್ತು. ಜನವರಿಯಲ್ಲಿ ಗೊತ್ತಾಯಿತು. ದಿನಕ್ಕೆ 130 ಕೆ.ಜಿ. ಬೇಕೆಂದರೆ ಗುಂಟೆಗೆ 240 ಕೆ.ಜಿ. ಕೊಡುವ ಹುಲ್ಲಿನಲ್ಲಿ ದಿನಕ್ಕೆ ಅರ್ಧ ಗುಂಟೆಗಿಂತ ಹೆಚ್ಚು ಕೊಯ್ಯಬೇಕು. ಹದಿಮೂರು ಗುಂಟೆ ಇಪ್ಪತ್ತನಾಲ್ಕು ದಿನಕ್ಕೆ ಮುಗಿದು, ಕುಡುಗೋಲು ಮತ್ತೆ ಮೊದಲ ಸಾಲಿಗೆ ಬಂದು ನಿಂತಿತು. ಅರವತ್ತು ದಿನ ಬೇಕಾಗಿದ್ದ ಹುಲ್ಲು ಮೊಣಕಾಲೆತ್ತರಕ್ಕೂ ಬಂದಿರಲಿಲ್ಲ. ಬೇರೆ ದಾರಿಯಿಲ್ಲದೆ ಅದನ್ನೇ ಕೊಯ್ದೆವು.

ಎಳೆಯ ಹುಲ್ಲು ಕೊಯ್ದರೆ ಆ ಸಲ ಮೇವು ಕಡಿಮೆ ಸಿಗುತ್ತದೆ ಎಂಬಲ್ಲಿಗೆ ನಷ್ಟ ನಿಲ್ಲುವುದಿಲ್ಲ. ಕೊಯ್ದ ಮೇಲೆ ಕೂಳೆ ಮತ್ತೆ ಚಿಗುರುವುದು ಬುಡದಲ್ಲಿ ಕೂಡಿಟ್ಟ ಆಹಾರದಿಂದ. ಅದು ತುಂಬಿಕೊಳ್ಳುವ ಮೊದಲೇ ಎಲೆಯನ್ನು ತೆಗೆದುಬಿಟ್ಟರೆ ಮುಂದಿನ ಚಿಗುರು ಸಣ್ಣದಾಗುತ್ತದೆ, ಅದನ್ನೂ ಬೇಗ ಕೊಯ್ದರೆ ಅದರ ಮುಂದಿನದು ಇನ್ನೂ ಸಣ್ಣದಾಗುತ್ತದೆ. ಮೂರು ಸಲ ಹೀಗಾದರೆ ಬುಡಗಳ ನಡುವೆ ಕಳೆ ಎದ್ದು, ಅಲ್ಲಲ್ಲಿ ಬುಡಗಳೇ ಒಣಗಿ ಹೋಗುತ್ತವೆ. ಕೊಟ್ಟಿಗೆಯಲ್ಲಿ ಇದರ ಗುರುತು ಸಗಣಿಯಲ್ಲಿ ಮೊದಲು ಕಾಣುತ್ತದೆ. ಎಳೆಯ ಹುಲ್ಲಿನಲ್ಲಿ ನಾರು ಕಡಿಮೆ, ನೀರು ಹೆಚ್ಚು ಇರುವುದರಿಂದ ಸಗಣಿ ಒತ್ತಾಗಿ ಬೀಳದೆ ತೆಳ್ಳಗೆ ಹರಡುತ್ತದೆ, ಬಾಲ ಮತ್ತು ಹಿಂಗಾಲು ಮೆತ್ತಿಕೊಳ್ಳುತ್ತವೆ. ಆ ಬಳಿಕ ಡೇರಿಯಲ್ಲಿ ಹಾಲಿನ ಜಿಡ್ಡಿನ ಅಂಶ ಇಳಿಯುತ್ತದೆ.

ಹಾಗಾದರೆ 13 ಗುಂಟೆ ತಪ್ಪು ಆಯ್ಕೆಯೇ? ಒಣಹುಲ್ಲು ಮನೆಯಲ್ಲೇ ಇರುವವರಿಗೆ ತಪ್ಪಲ್ಲ. ಚಳಿಗಾಲದಲ್ಲಿ ತಾಕಿನಿಂದ 52 ಕೆ.ಜಿ. ಮಾತ್ರ ತೆಗೆದು, ಉಳಿದ 78 ಕೆ.ಜಿ.ಯ ಜಾಗವನ್ನು ಒಣಹುಲ್ಲಿನಿಂದ ತುಂಬಬೇಕು. 78 ಕೆ.ಜಿ. ನೇಪಿಯರ್‌ನಲ್ಲಿ 14 ಕೆ.ಜಿ. ಒಣ ಅಂಶ ಇರುವುದರಿಂದ, ಸುಮಾರು 16 ಕೆ.ಜಿ. ರಾಗಿ ಹುಲ್ಲು ಅಷ್ಟನ್ನು ತುಂಬುತ್ತದೆ. ಬೇಸಿಗೆಯಲ್ಲಿ 13 ಕೆ.ಜಿ. ಸಾಕು. ಡಿಸೆಂಬರ್‌ನಿಂದ ಮೇವರೆಗೆ, ವಾಡಿಕೆಯಂತೆ ಹಾಕುವ ಒಣಹುಲ್ಲಿನ ಮೇಲೆ, ಎರಡೂವರೆ ಟನ್‌ಗಿಂತ ತುಸು ಹೆಚ್ಚು ಹುಲ್ಲು ಬಣವೆಯಲ್ಲಿ ಇರಬೇಕು. ಆದರೆ ಒಣಹುಲ್ಲು ಹೊಟ್ಟೆಯನ್ನು ತುಂಬುತ್ತದೆಯೇ ಹೊರತು ಸಸಾರಜನಕವನ್ನು ತುಂಬುವುದಿಲ್ಲ. ನೇಪಿಯರ್‌ನ ಒಣ ಅಂಶದಲ್ಲಿ ಶೇ. 9ರ ಸುಮಾರಿಗೆ ಇರುವ ಸಸಾರಜನಕ ರಾಗಿ ಹುಲ್ಲಿನಲ್ಲಿ ಶೇ. 3ರಿಂದ 4 ಮಾತ್ರ. ಆ ಕೊರತೆ ತುಂಬಲು ಇಡೀ ಕೊಟ್ಟಿಗೆಗೆ ದಿನಕ್ಕೆ ಸುಮಾರು ಎರಡು ಕೆ.ಜಿ. ಕಡಲೆಕಾಯಿ ಹಿಂಡಿ ಹೆಚ್ಚಿಗೆ ಬೇಕು. ಈ ಹಿಂಡಿ ಮತ್ತು ಹುಲ್ಲನ್ನು ಆರು ತಿಂಗಳು ಕೊಳ್ಳಲು ಆಗುವ ಖರ್ಚನ್ನು, ಇನ್ನೂ ಒಂಬತ್ತು ಹತ್ತು ಗುಂಟೆಯಲ್ಲಿ ಈಗ ಬೆಳೆಯುತ್ತಿರುವ ಬೆಳೆಯ ಆದಾಯದ ಪಕ್ಕದಲ್ಲಿ ಇಟ್ಟು ನೋಡಿದರೆ ನಿಮ್ಮ ಉತ್ತರ ಸಿಗುತ್ತದೆ. ಎರಡು ಮೂರು ಎಕರೆ ರಾಗಿ ಬೆಳೆಯುವವರಿಗೆ, ಉತ್ತರ ಕರ್ನಾಟಕದಲ್ಲಿ ಜೋಳದ ಕಣಿಕೆ ಬಣವೆ ಒಟ್ಟುವವರಿಗೆ ಸಣ್ಣ ತಾಕೇ ಲಾಭದಾಯಕ ಎಂಬುದು ನನ್ನ ಅಭಿಪ್ರಾಯ. ಒಣಹುಲ್ಲನ್ನು ಕೊಂಡು ತರುವವರಿಗೆ ಅಲ್ಲ.

33 ಗುಂಟೆ: ಚಳಿಗಾಲಕ್ಕೂ ಹಸಿರೇ ಬೇಕೆನ್ನುವ ದಾರಿ

ಮೂವತ್ತಮೂರು ಗುಂಟೆ ಇದ್ದರೆ ಜನವರಿಯಲ್ಲಿಯೂ ದಿನಕ್ಕೆ 130 ಕೆ.ಜಿ. ಸಿಗುತ್ತದೆ, ಹಸಿ ಹುಲ್ಲನ್ನು ಗಾಳಿಯಾಡದಂತೆ ಒತ್ತಿ ಹುಳಿಯಿಸಿ ಕೂಡಿಡುವ ರಸಮೇವು ಮಾಡುವ ಕೆಲಸವಿಲ್ಲ, ಬಣವೆಯ ಚಿಂತೆ ಕಡಿಮೆ. ಆದರೆ ಜುಲೈಯಲ್ಲಿ ಅದೇ ತಾಕು ದಿನಕ್ಕೆ 297 ಕೆ.ಜಿ. ಕೊಡುತ್ತದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕೊಯ್ಯಲು ಕೈ ಸಾಲದು, ಕೊಯ್ದರೂ ತಿನ್ನಲು ದನಗಳಿಲ್ಲ. ಕೊಯ್ಯದೆ ಬಿಟ್ಟ ಹುಲ್ಲು ತೊಂಬತ್ತು ದಿನಕ್ಕೆ ಆಳಿನೆತ್ತರ ದಾಟಿ, ಕಬ್ಬಿನಂತೆ ಗಿಣ್ಣು ಕಟ್ಟಿ ನಿಲ್ಲುತ್ತದೆ. ತೂಕದಲ್ಲಿ ಬೆಟ್ಟದಷ್ಟು ಕಂಡರೂ ಎಲೆಗಿಂತ ದಂಟೇ ಹೆಚ್ಚಾಗಿ, ಸಸಾರಜನಕ ಇಳಿದು, ಒಣಹುಲ್ಲಿಗಿಂತ ಸ್ವಲ್ಪ ಮೇಲು ಎನ್ನುವ ಮಟ್ಟಕ್ಕೆ ಬರುತ್ತದೆ. ಊರಿನಲ್ಲಿ ಮಳೆಗಾಲದಲ್ಲಿಯೂ ಹಸಿ ಹುಲ್ಲು ಕೊಳ್ಳುವವರಿದ್ದರೆ, ಇಲ್ಲವೇ ಮಳೆಗಾಲದಲ್ಲಿ ಕುರಿ ಮೇಕೆಗಳನ್ನು ಹೆಚ್ಚಿಗೆ ಕಟ್ಟುವ ಅನುಕೂಲವಿದ್ದರೆ ಮಾತ್ರ ಈ ದಾರಿ ಒಪ್ಪುತ್ತದೆ. ನೀರಿನ ವಿಷಯಕ್ಕೆ ಬಂದರೆ ಇದರ ಕಷ್ಟ ಇನ್ನೂ ದೊಡ್ಡದು. ಅದನ್ನು ಮುಂದೆ ಹೇಳುತ್ತೇನೆ.

22 ಗುಂಟೆ: ಮಳೆಗಾಲದ ಹೆಚ್ಚುವರಿಯನ್ನು ಉಳಿಸುವ ದಾರಿ

ಸರಾಸರಿಯ ಲೆಕ್ಕದಲ್ಲಿ ಬಂದದ್ದು 20 ಗುಂಟೆ. ಕಾಗದದ ಮೇಲೆ ಅದು ಸರಿಯಾಗಿ ಕೂರುತ್ತದೆ. ಜೂನ್‌ನಿಂದ ನವೆಂಬರ್‌ವರೆಗೆ ದಿನಕ್ಕೆ 50 ಕೆ.ಜಿ. ಹೆಚ್ಚುವರಿ ಉಳಿದು ಒಟ್ಟು 9,150 ಕೆ.ಜಿ. ಆಗುತ್ತದೆ. ರಸಮೇವು ಮಾಡುವಾಗ ಐದರಲ್ಲಿ ಒಂದು ಪಾಲು ಹೋದರೂ 7,300 ಕೆ.ಜಿ. ಉಳಿಯುತ್ತದೆ. ಚಳಿಗಾಲ ಮತ್ತು ಬೇಸಿಗೆಯ ಕೊರತೆ ಒಟ್ಟು 7,260 ಕೆ.ಜಿ. ಹಾಗಾದರೆ 22 ಗುಂಟೆ ಏಕೆ ಎಂದು ಕೇಳಬಹುದು. ಕಾರಣ ಹುಲ್ಲಿನಲ್ಲಿಲ್ಲ, ಮಳೆಯಲ್ಲಿದೆ.

ನೇಪಿಯರ್‌ನಿಂದ ರಸಮೇವು ಮಾಡುವುದು ಮುಸುಕಿನ ಜೋಳದಿಂದ ಮಾಡಿದಷ್ಟು ಸುಲಭವಲ್ಲ. ಇದರಲ್ಲಿ ಸಕ್ಕರೆ ಅಂಶ ಕಡಿಮೆ, ನೀರು ಹೆಚ್ಚು. ಕೊಯ್ದ ಹುಲ್ಲನ್ನು ಅರ್ಧ ದಿನದಿಂದ ಒಂದು ದಿನ ಬಾಡಿಸಿ, ಅರ್ಧ ಇಂಚಿನಿಂದ ಒಂದು ಇಂಚಿನ ತುಂಡು ಮಾಡಿ, ನೂರು ಕೆ.ಜಿ.ಗೆ ಎರಡು ಮೂರು ಕೆ.ಜಿ. ಕಾಕಂಬಿಯನ್ನು ಸ್ವಲ್ಪ ನೀರಿನಲ್ಲಿ ಕಲಸಿ ಚಿಮುಕಿಸಿ, ಪದರ ಪದರವಾಗಿ ತುಳಿದು ಗಾಳಿ ಹೊರಗೆ ಹೋಗುವಂತೆ ಒತ್ತಿ, ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಬೇಕು. ಬಾಡಿಸದೆ ತುಂಬಿದರೆ ಗುಂಡಿಯ ತಳದಲ್ಲಿ ನೀರು ನಿಂತು, ಹುಳಿ ಪರಿಮಳದ ಬದಲು ಕೊಳೆತ ವಾಸನೆ ಬರುತ್ತದೆ. ದನ ಮೂಸಿ ನೋಡಿ ಮುಖ ತಿರುಗಿಸುತ್ತದೆ. ಮುಷ್ಟಿಯಲ್ಲಿ ತುಂಡು ಮಾಡಿದ ಹುಲ್ಲನ್ನು ಬಲವಾಗಿ ಹಿಂಡಿದಾಗ ಬೆರಳ ಸಂದಿಯಿಂದ ನೀರು ತೊಟ್ಟಿಕ್ಕಿದರೆ ಇನ್ನೂ ಬಾಡಬೇಕು. ಮುಷ್ಟಿ ಬಿಟ್ಟಾಗ ಉಂಡೆ ಮೆಲ್ಲಗೆ ಬಿಚ್ಚಿಕೊಂಡು ಅಂಗೈ ತೇವವಾಗಿ ಮಾತ್ರ ಉಳಿದರೆ ತುಂಬಬಹುದು.

ಜುಲೈ, ಆಗಸ್ಟ್‌ಗಳಲ್ಲಿ ಹುಲ್ಲು ಹೆಚ್ಚಾಗಿ ಉಳಿಯುತ್ತದೆ, ಆದರೆ ಜಡಿಮಳೆಯಲ್ಲಿ ಅದನ್ನು ಬಾಡಿಸಲು ಬಿಸಿಲಿಲ್ಲ. ನಿಜವಾಗಿ ರಸಮೇವು ಮಾಡಲು ಸಿಗುವುದು ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಮಳೆ ಬಿಡುವು ಕೊಟ್ಟ ದಿನಗಳು. ಆ ಮೂರು ತಿಂಗಳಲ್ಲಿ 20 ಗುಂಟೆಯಿಂದ ಉಳಿಯುವುದು 4,500 ಕೆ.ಜಿ. ಮಾತ್ರ, ನಷ್ಟ ಕಳೆದರೆ 3,600 ಕೆ.ಜಿ., ಅಂದರೆ ಕೊರತೆಯ ಅರ್ಧ. ಎರಡೇ ಗುಂಟೆ ಹೆಚ್ಚಿಸಿ 22 ಮಾಡಿದರೆ ಲೆಕ್ಕ ಎರಡೂ ಕಡೆಯಿಂದ ಸುಧಾರಿಸುತ್ತದೆ. ಮಳೆಗಾಲದ ಹೆಚ್ಚುವರಿ ದಿನಕ್ಕೆ 68 ಕೆ.ಜಿ.ಗೆ ಏರಿ ಆ ಮೂರು ತಿಂಗಳಲ್ಲೇ 6,200 ಕೆ.ಜಿ. ಸಿಗುತ್ತದೆ, ನಷ್ಟ ಕಳೆದು ಸುಮಾರು 5,000. ಇತ್ತ ಕೊರತೆ 5,620 ಕೆ.ಜಿ.ಗೆ ಇಳಿಯುತ್ತದೆ. ಉಳಿದ ಆರು ನೂರು ಕೆ.ಜಿ.ಯನ್ನು ಆರು ತಿಂಗಳಿಗೆ ಹಂಚಿದರೆ ದಿನಕ್ಕೆ ಮೂರು ನಾಲ್ಕು ಕೆ.ಜಿ. ಹಸಿ ಹುಲ್ಲಿನ ಮಾತು. ಒಂದು ಕೆ.ಜಿ.ಯೂ ತುಂಬದ ಒಣಹುಲ್ಲಿನಲ್ಲಿ ಅದು ತೀರುತ್ತದೆ.

ಇಷ್ಟು ರಸಮೇವಿಗೆ ಎರಡು ಮೀಟರ್ ಅಗಲ, ನಾಲ್ಕು ಮೀಟರ್ ಉದ್ದ, ಒಂದೂವರೆ ಮೀಟರ್ ಆಳದ ಗುಂಡಿ ಸಾಕು, ಏಕೆಂದರೆ ಚೆನ್ನಾಗಿ ತುಳಿದ ಮೇವು ಘನ ಮೀಟರಿಗೆ 500 ಕೆ.ಜಿ.ಯಾದರೂ ಹಿಡಿಯುತ್ತದೆ. ಆದರೆ ಮೂರು ತಿಂಗಳಲ್ಲಿ ಸ್ವಲ್ಪ ಸ್ವಲ್ಪವೇ ಸಿಗುವ ಹುಲ್ಲಿಗೆ ಒಂದೇ ದೊಡ್ಡ ಗುಂಡಿ ಹೊಂದುವುದಿಲ್ಲ, ಪ್ರತಿ ಸಲ ತೆರೆದಾಗಲೂ ಗಾಳಿ ಹೋಗಿ ಮೇಲಿನ ಪದರ ಬೂಸ್ಟು ಹಿಡಿಯುತ್ತದೆ. ರಸಮೇವಿನ ದಪ್ಪ ಪ್ಲಾಸ್ಟಿಕ್ ಚೀಲಗಳೋ, ಬಾಯಿ ಬಿಗಿಯುವ ಡ್ರಮ್ಮುಗಳೋ ನಾಲ್ಕೈದು ಹಸುಗಳ ಕೊಟ್ಟಿಗೆಗೆ ಹೆಚ್ಚು ಅನುಕೂಲ. ತುಂಬಿ ನಲವತ್ತೈದು ದಿನ ಕಳೆದ ಮೇಲೆ ತೆಗೆಯಬಹುದು. ಇಲಿ ಚೀಲ ಕಡಿದರೆ ಆ ಚೀಲ ಹೋದಂತೆಯೇ, ಆದ್ದರಿಂದ ಅಟ್ಟಣಿಗೆಯ ಮೇಲೆ ಇಡಬೇಕು.

ನನ್ನ ಆಯ್ಕೆ ಇದೇ. ದಿನವೂ ಹುಲ್ಲು ಕೊಯ್ಯಲು ಮನೆಯವರಿದ್ದು, ವರ್ಷದಲ್ಲಿ ಎಂಟು ಹತ್ತು ದಿನ ರಸಮೇವು ತುಂಬುವ ಕೆಲಸಕ್ಕೆ ಇನ್ನಿಬ್ಬರು ಕೈಜೋಡಿಸುವ ಕುಟುಂಬಕ್ಕೆ ಇದಕ್ಕಿಂತ ಕಡಿಮೆ ಜಾಗದಲ್ಲಿ ವರ್ಷಪೂರ್ತಿ ಒಳ್ಳೆಯ ಮೇವು ಸಿಗುವುದಿಲ್ಲ.

ಏಪ್ರಿಲ್‌ನ ನೀರು ತೀರ್ಮಾನಿಸುವ ಗಾತ್ರ

ಮೇಲಿನ ಮೂರು ದಾರಿಗಳಲ್ಲಿ ಯಾವುದನ್ನು ಆರಿಸಿಕೊಂಡರೂ ಕೊಳವೆ ಬಾವಿಯ ಏಪ್ರಿಲ್ ತಿಂಗಳ ನೀರನ್ನು ಅಳೆಯದೆ ಕಾಂಡ ನೆಡಬಾರದು. ಬೇಸಿಗೆಯಲ್ಲಿ ದಿನಕ್ಕೆ ಐದು ಮಿಲಿಮೀಟರ್ ನೀರು ಬೇಕೆಂದು ಹಿಡಿದರೆ ಗುಂಟೆಗೆ ದಿನಕ್ಕೆ 500 ಲೀಟರ್ ಆಗುತ್ತದೆ. 22 ಗುಂಟೆಗೆ 11,000 ಲೀಟರ್, 33 ಗುಂಟೆಗೆ 16,500 ಲೀಟರ್. ಇನ್ನೂರು ಲೀಟರಿನ ಡ್ರಮ್ಮನ್ನು ಪೈಪಿನ ಬಾಯಿಗೆ ಇಟ್ಟು ತುಂಬಲು ಎಷ್ಟು ಹೊತ್ತು ಹಿಡಿಯುತ್ತದೆ ನೋಡಿ. ನಾಲ್ಕು ನಿಮಿಷ ಹಿಡಿದರೆ ಗಂಟೆಗೆ 3,000 ಲೀಟರ್ ನೀರಿದೆ, ಅಂದರೆ 22 ಗುಂಟೆಗೆ ಹೆಚ್ಚು ಕಡಿಮೆ ನಾಲ್ಕು ಗಂಟೆ ಮೋಟರ್ ಓಡಬೇಕು, 33 ಗುಂಟೆಗೆ ಐದೂವರೆ ಗಂಟೆ. ತ್ರೀ ಫೇಸ್ ಕರೆಂಟು ಎಷ್ಟು ಗಂಟೆ ಇರುತ್ತದೆ, ಆ ಹೊತ್ತಿನಲ್ಲಿ ತೆಂಗಿಗೆ ಎಷ್ಟು ಹೋಗಬೇಕು ಎಂಬುದನ್ನು ಕಳೆದ ಮೇಲೆ ಉಳಿದದ್ದು ಹುಲ್ಲಿನ ಪಾಲು.

ಇಲ್ಲಿ ಬಹಳ ಜನ ಮಾಡುವ ತಪ್ಪೊಂದಿದೆ. ಬೇಸಿಗೆಯಲ್ಲಿ ಮೇವು ಕಡಿಮೆಯಾಯಿತೆಂದು ಮುಂದಿನ ವರ್ಷ ಜಾಗ ಹೆಚ್ಚಿಸುತ್ತಾರೆ. ನೀರು ಅಷ್ಟೇ ಇದ್ದರೆ ಹೆಚ್ಚಿದ ಜಾಗಕ್ಕೆ ಅದೇ ನೀರು ತೆಳುವಾಗಿ ಹಂಚಿ ಹೋಗಿ, ಯಾವ ಬುಡಕ್ಕೂ ಸಾಲದೆ, ಒಟ್ಟು ಮೇವು ಹೆಚ್ಚುವುದಿಲ್ಲ. ಚಳಿಗಾಲದ ಕೊರತೆಗೆ ಜಾಗ ಒಂದು ಉತ್ತರವಾಗಬಹುದು, ಬೇಸಿಗೆಯ ಕೊರತೆಗೆ ಆಗುವುದಿಲ್ಲ. ದಿನಕ್ಕೆ 5,000 ಲೀಟರ್ ಮಾತ್ರ ಸಿಗುವ ವರ್ಷ, 22 ಗುಂಟೆಯಲ್ಲಿ 10 ಗುಂಟೆಗೆ ಪೂರ್ತಿ ನೀರು ಕೊಟ್ಟು, ಉಳಿದ 12 ಗುಂಟೆಯನ್ನು ಮಾರ್ಚ್ ಮೊದಲ ವಾರದಲ್ಲಿ ಕೊಯ್ದು, ಬುಡಕ್ಕೆ ಒಣಗಿದ ಎಲೆ ಹೊದಿಸಿ ಮಲಗಲು ಬಿಡಬೇಕು. ಬೇರು ಗಟ್ಟಿಯಿರುವ ನೇಪಿಯರ್ ಮೊದಲ ಮಳೆಗೆ ಮತ್ತೆ ಏಳುತ್ತದೆ. ಮಲಗಿದ ತಾಕು ಮುಂಗಾರಿಗೆ ದಿಢೀರನೆ ಚಿಗುರಿದಾಗ ಮಾತ್ರ ಸ್ವಲ್ಪ ತಾಳ್ಮೆ ಬೇಕು. ಬಿಸಿಲಿಗೆ ಬಾಡಿದ ಹುಲ್ಲಿಗೆ ಮಳೆ ಬಿದ್ದೊಡನೆ ಯೂರಿಯಾ ಹಾಕಿ, ಹದಿನೈದು ಇಪ್ಪತ್ತು ದಿನದ ಎಳೆ ಚಿಗುರನ್ನು ಹಸಿದ ದನಕ್ಕೆ ಹೊಟ್ಟೆ ತುಂಬ ಹಾಕಿದರೆ ನೈಟ್ರೇಟ್ ಹೆಚ್ಚಾಗಿ ಪ್ರಾಣಕ್ಕೇ ಅಪಾಯವಾಗಬಹುದು.

ನೀರಾವರಿಯೇ ಇಲ್ಲದವರಿಗೆ ಈ ಗುಂಟೆ ಲೆಕ್ಕಗಳು ಅನ್ವಯಿಸುವುದಿಲ್ಲ. ಅಂಥಲ್ಲಿ ಜೂನ್‌ನಿಂದ ನವೆಂಬರ್‌ವರೆಗಿನ ಮೂರು ನಾಲ್ಕು ಕೊಯ್ಲುಗಳನ್ನಷ್ಟೇ ಎಣಿಸಿ, ಉಳಿದ ಆರು ತಿಂಗಳು ಒಣಮೇವು ಮತ್ತು ಬದುವಿನ ಅಗಸೆ, ಗೊಬ್ಬರದ ಗಿಡದ ಸೊಪ್ಪಿನ ಮೇಲೆ ನಿಲ್ಲಬೇಕು. ಮಲೆನಾಡಿನ ತಗ್ಗು ಗದ್ದೆಗಳಲ್ಲಿ ನೀರು ನಿಂತರೂ ನೇಪಿಯರ್ ಬುಡ ಕೊಳೆಯುತ್ತದೆ, ಅಲ್ಲಿ ಎತ್ತರದ ಜಾಗವನ್ನೇ ಆರಿಸಬೇಕು.

ಈ ಇಳುವರಿ ನಿಲ್ಲಬೇಕಾದರೆ

ಗುಂಟೆಗೆ ವರ್ಷಕ್ಕೆ ಎರಡೂವರೆ ಟನ್ ಹುಲ್ಲು ಹೊತ್ತು ತಂದರೆ ಮಣ್ಣಿನ ಸಾರವೂ ಅದರ ಜೊತೆ ಕೊಟ್ಟಿಗೆಗೆ ಬರುತ್ತದೆ. ಅದು ಸಗಣಿ ಗಂಜಲವಾಗಿ ವಾಪಸು ಹೋಗದಿದ್ದರೆ ಎರಡನೆಯ ವರ್ಷವೇ ಬುಡದ ತೂಕ ಎರಡು ಕೆ.ಜಿ.ಯಿಂದ ಒಂದೂವರೆಗೆ ಇಳಿಯುತ್ತದೆ, 22 ಗುಂಟೆ 16 ಗುಂಟೆಯಷ್ಟೇ ಕೆಲಸ ಮಾಡುತ್ತದೆ. ಪ್ರತಿ ಕೊಯ್ಲಿನ ಮೇಲೆ ಗುಂಟೆಗೆ ಒಂದೂವರೆ ಕೆ.ಜಿ. ಯೂರಿಯಾ ಎಂಬುದು ಶಿಫಾರಸಿನ ಆಸುಪಾಸಿನ ಪ್ರಮಾಣ. ಕೊಟ್ಟಿಗೆ ತೊಳೆದ ನೀರನ್ನು ಕಾಲುವೆ ಮಾಡಿ ಕೊಯ್ದ ಸಾಲಿಗೇ ಬಿಡುವವರಿಗೆ ಅದರ ಅರ್ಧ ಸಾಕು. ಕೊಯ್ಯುವಾಗ ನೆಲದಿಂದ ನಾಲ್ಕಾರು ಇಂಚು ಬಿಟ್ಟು ಕೊಯ್ಯಬೇಕು.

ತಳಿಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಸಿಒ-4, ಸಿಒ-5, ಧಾರವಾಡದ ಡಿಎಚ್‌ಎನ್-6, ಸೂಪರ್ ನೇಪಿಯರ್ ಇವುಗಳ ನಡುವಿನ ವ್ಯತ್ಯಾಸಕ್ಕಿಂತ ಸರಿಯಾದ ದಿನಕ್ಕೆ ಕೊಯ್ದ ಮತ್ತು ತಪ್ಪಿದ ದಿನಕ್ಕೆ ಕೊಯ್ದ ಹುಲ್ಲಿನ ನಡುವಿನ ವ್ಯತ್ಯಾಸವೇ ದೊಡ್ಡದು. ದಂಟು ದಪ್ಪವಾಗುವ ಸೂಪರ್ ನೇಪಿಯರ್ ಕತ್ತರಿಸುವ ಯಂತ್ರ ಇದ್ದವರಿಗೆ ಸರಿ, ಇಲ್ಲದವರಿಗೆ ಎಲೆ ಹೆಚ್ಚಿರುವ ಸಿಒ ತಳಿಗಳೇ ಮೇಲು. ನೇಪಿಯರ್‌ನಲ್ಲಿರುವ ಆಕ್ಸಲೇಟ್ ಸುಣ್ಣದ ಅಂಶವನ್ನು ಹಿಡಿದಿಡುವುದರಿಂದ ಹಾಲಿನ ಹಸುವಿಗೆ ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ ತಪ್ಪಿಸಬಾರದು. ಸಾಧ್ಯವಾದರೆ 22ರಲ್ಲಿ ಮೂರು ನಾಲ್ಕು ಗುಂಟೆಯನ್ನು ಕುದುರೆ ಮೆಂತ್ಯಕ್ಕೋ ಅಲಸಂದೆಗೋ ಕೊಡುವುದು ಒಳ್ಳೆಯದು. ತೂಕ ಕಡಿಮೆ ಸಿಕ್ಕರೂ ಸಸಾರಜನಕದಲ್ಲಿ ಅದು ತೀರಿ ಬರುತ್ತದೆ.

ಬೇರೆ ಸಂಖ್ಯೆಯ ದನಗಳಿಗೆ

ನಾಶ ಸೇರಿಸಿ ಒಂದು ಹಾಲಿನ ಹಸುವಿಗೆ ದಿನಕ್ಕೆ 28 ಕೆ.ಜಿ. ಕೊಯ್ಯಬೇಕಾಗುವುದರಿಂದ, ಇದೇ ಇಳುವರಿಯಲ್ಲಿ ಒಣಹುಲ್ಲು ನೆಚ್ಚಿದವರಿಗೆ ಹಸುವೊಂದಕ್ಕೆ 3 ಗುಂಟೆ, ರಸಮೇವು ಮಾಡುವವರಿಗೆ 5 ಗುಂಟೆ, ವರ್ಷವಿಡೀ ಹಸಿರನ್ನೇ ಕೊಯ್ಯುವವರಿಗೆ 7 ಗುಂಟೆ ಬೇಕು. ಎರಡು ಕಡಸುಗಳನ್ನು ಒಂದು ಹಸುವೆಂದೂ ಐದು ಕರುಗಳನ್ನು ಒಂದು ಹಸುವೆಂದೂ ಎಣಿಸಿದರೆ ತುಸು ಹೆಚ್ಚು ಕಡಿಮೆ ಸರಿಹೋಗುತ್ತದೆ. ಹತ್ತು ಹಸುಗಳ ಕೊಟ್ಟಿಗೆಗೆ ರಸಮೇವಿನ ದಾರಿಯಲ್ಲಿ ಒಂದು ಎಕರೆ ಹತ್ತು ಗುಂಟೆ ಆಗುತ್ತದೆ. ನೆಟ್ಟ ಮೊದಲ ವರ್ಷ ಮಾತ್ರ ಈ ಲೆಕ್ಕ ನಂಬಬಾರದು. ಮೊದಲ ಕೊಯ್ಲಿಗೇ ಎಪ್ಪತ್ತೈದರಿಂದ ಎಂಬತ್ತು ದಿನ ಬೇಕು, ಬುಡ ಒಡೆದು ತುಂಬಲು ಇನ್ನೆರಡು ಕೊಯ್ಲು ಬೇಕು. ಆದ್ದರಿಂದ ಹಸು ಕೊಳ್ಳುವ ಒಂದು ಮುಂಗಾರು ಮೊದಲೇ ಹುಲ್ಲು ನೆಟ್ಟಿರಬೇಕು.

ನಿಮ್ಮ ಗುಂಟೆಯ ಅಂಕಿ ತಿಳಿಯಲು ದೊಡ್ಡ ಸಲಕರಣೆ ಬೇಡ. ತಾಕಿನ ಅಂಚಿನ ಸಾಲನ್ನು ಬಿಟ್ಟು ನಡುವಿನ ಯಾವುದಾದರೂ ಸಾಲಿನಲ್ಲಿ ಒಂದರ ಪಕ್ಕ ಒಂದಿರುವ ಹದಿನೆಂಟು ಬುಡಗಳನ್ನು ಕೊಯ್ದು ತೂಗಿ. ಮೂರು ಅಡಿ, ಎರಡು ಅಡಿ ಅಂತರದಲ್ಲಿ ಅದು ಗುಂಟೆಯ ಹತ್ತನೇ ಒಂದು ಪಾಲು. ಬಂದ ತೂಕವನ್ನು ಹತ್ತರಿಂದ ಗುಣಿಸಿ, ಹಿಂದಿನ ಕೊಯ್ಲಿನಿಂದ ಕಳೆದ ದಿನಗಳಿಂದ ಭಾಗಿಸಿ. ಆಗಸ್ಟ್‌ನಲ್ಲಿ ಒಮ್ಮೆ, ಜನವರಿಯಲ್ಲಿ ಒಮ್ಮೆ, ಏಪ್ರಿಲ್‌ನಲ್ಲಿ ಒಮ್ಮೆ ಹೀಗೆ ಮಾಡಿದರೆ ಈ ಬರಹದ 9, 4, 5ರ ಜಾಗದಲ್ಲಿ ನಿಮ್ಮದೇ ಮೂರು ಅಂಕಿಗಳು ಸಿಗುತ್ತವೆ. ಜೊತೆಗೆ ಮೊದಲ ಸಾಲನ್ನು ಕೊಯ್ದ ದಿನಾಂಕವನ್ನು ಕೊಟ್ಟಿಗೆಯ ಗೋಡೆಯ ಮೇಲೆ ಸೀಮೆಸುಣ್ಣದಿಂದ ಬರೆದಿಡಿ. ಕುಡುಗೋಲು ಮತ್ತೆ ಆ ಸಾಲಿಗೆ ಬರುವ ದಿನ ಮಳೆಗಾಲದಲ್ಲಿ ಅರವತ್ತು ದಾಟುತ್ತಿದ್ದರೆ ಹುಲ್ಲು ಬಲಿಯುತ್ತಿದೆ, ರಸಮೇವು ತುಂಬಲು ತಡವಾಗುತ್ತಿದೆ. ಚಳಿಗಾಲದಲ್ಲಿ ಐವತ್ತಕ್ಕಿಂತ ಮೊದಲೇ ಬರುತ್ತಿದ್ದರೆ ಆ ದಿನದಿಂದಲೇ ಕೊಯ್ಲು ತಗ್ಗಿಸಿ ರಸಮೇವಿನ ಚೀಲ ಬಿಚ್ಚಬೇಕು.